ಎರಡು ಸಿಮ್ ಇರುವ ಫೋನಿನಲ್ಲಿ 38 ಜಿಬಿ ಡೌನ್‌ಲೋಡ್: ಡೇಟಾ ಯಾವ ಸಿಮ್‌ನಿಂದ ಹೋಗಬೇಕು?

ಅಪ್ಪೆಮಿಡಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹುಲೇಕಲ್ ಆಚೆಯ ಒಂದು ಹಳ್ಳಿಯಲ್ಲಿದೆ. ಅಣ್ಣನ ಮಗನ ಉಪನಯನದ ಪೂರ್ತಿ ವಿಡಿಯೋವನ್ನು ಹುಬ್ಬಳ್ಳಿಯ ಛಾಯಾಗ್ರಾಹಕರು ಒಂದೇ ಜಿಪ್ ಫೈಲ್ ಮಾಡಿ ಲಿಂಕ್ ಕಳುಹಿಸಿದ್ದಾರೆ. ಅದರ ಗಾತ್ರ 38 ಜಿಬಿ ಇದ್ದು, ಲಿಂಕ್ ಏಳು ದಿನ ಮಾತ್ರ ತೆರೆದಿರುತ್ತದೆಯಂತೆ. ಮಳೆಗೆ ಮರ ಬಿದ್ದು ಫೈಬರ್ ಕೇಬಲ್ ತುಂಡಾಗಿದೆ ಮತ್ತು ಅದು ಈ ವಾರ ಸರಿಯಾಗುವ ಲಕ್ಷಣ ಕಾಣುತ್ತಿಲ್ಲ. ಆದ್ದರಿಂದ ಫೋನಿನ ಮೊಬೈಲ್ ಡೇಟಾದಲ್ಲಿಯೇ ಇದನ್ನು ಇಳಿಸಿಕೊಳ್ಳಬೇಕಾಗಿದೆ.

ನನ್ನ ಸ್ಯಾಮ್‌ಸಂಗ್ ಫೋನಿನಲ್ಲಿ ಎರಡು ಸಿಮ್‌ಗಳಿವೆ. ಒಂದನೆಯದು ಪ್ರಿಪೇಯ್ಡ್, ದಿನಕ್ಕೆ 2 ಜಿಬಿ, ಜೊತೆಗೆ 5ಜಿ ಸಿಕ್ಕಲ್ಲಿ ಮಿತಿಯಿಲ್ಲ ಎಂದು ಪ್ಲ್ಯಾನ್‌ನಲ್ಲಿ ಬರೆದಿದೆ. ಮನೆಯ ಅಂಗಳದಲ್ಲಿ ಇದಕ್ಕೆ ನಾಲ್ಕು ಕಡ್ಡಿ ಸಿಗ್ನಲ್ ಇರುತ್ತದೆ, ಉಪ್ಪರಿಗೆಯ ಕಿಟಕಿಯ ಬಳಿ ಆಗಾಗ 5ಜಿ ಎಂದೂ ತೋರಿಸುತ್ತದೆ. ಎರಡನೆಯದು ಬೇರೆ ಕಂಪನಿಯ ಪೋಸ್ಟ್‌ಪೇಯ್ಡ್. ತಿಂಗಳಿಗೆ 75 ಜಿಬಿ ಇದ್ದರೂ ಸಿಗ್ನಲ್ ಎರಡು ಕಡ್ಡಿಗಿಂತ ಮೇಲೆ ಏರುವುದಿಲ್ಲವಾದ್ದರಿಂದ ಮನೆಯಲ್ಲಿ ಅದನ್ನು ಶಾಲೆಯ ಕೆಲಸದ ಕರೆಗಳಿಗಷ್ಟೇ ಬಳಸುತ್ತೇನೆ. ಮನೆಯಲ್ಲಿರುವಾಗ ಡೇಟಾವನ್ನು ಒಂದನೆಯ ಸಿಮ್‌ಗೇ ಇಟ್ಟಿರುತ್ತೇನೆ. ಹಾಗೆಯೇ ಶುರು ಮಾಡಿ, ಅಲ್ಲಿ ಖಾಲಿಯಾದಾಗ ಎರಡನೆಯದಕ್ಕೆ ಬದಲಿಸಿದರೆ ಆಗುತ್ತದೆಯೇ? Auto data switching ಎಂಬ ಆಯ್ಕೆಯನ್ನು ಆನ್ ಮಾಡಿಟ್ಟರೆ ಫೋನ್ ತಾನೇ ಬದಲಿಸಿಕೊಳ್ಳುತ್ತದೆ ಎಂದು ಅಣ್ಣ ಹೇಳುತ್ತಾನೆ.

ಮಿರ್ಜಾನ್ ಮಾಸ್ತರ್ (ಕುಮಟಾ)

ಅಪ್ಪೆಮಿಡಿಯವರೇ, ನಿಮ್ಮ ಅಣ್ಣ ಹೇಳಿದ್ದು ಸರಿಯಾಗಿದೆ. ಹೆಚ್ಚು ಕಡ್ಡಿ ಇರುವ ಸಿಮ್‌ನಿಂದಲೇ ಪ್ರಾರಂಭಿಸಿ, ಏಕೆಂದರೆ ವೇಗ ಅಲ್ಲಿಯೇ ಸಿಗುವುದು. ಅದು ಮುಗಿದ ಕೂಡಲೇ ಫೋನ್ ಇನ್ನೊಂದಕ್ಕೆ ಹಾರುತ್ತದೆ, ಡೌನ್‌ಲೋಡ್ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಾನು ದೊಡ್ಡ ದೊಡ್ಡ ಪಿಡಿಎಫ್‌ಗಳನ್ನು ಹೀಗೆಯೇ ಇಳಿಸಿಕೊಂಡಿದ್ದೇನೆ. ಇನ್ನೊಂದು ಮಾತು, ಡೇಟಾ ಬಳಸುವ ಸಿಮ್ ಒಂದನೆಯ ಗೂಡಿನಲ್ಲಿಯೇ ಇರಬೇಕು, ಎರಡನೆಯ ಗೂಡಿಗೆ ವೇಗ ಕಡಿಮೆ.

ಬಂದರು ರಸ್ತೆ (ಕಾರವಾರ)

ಬ್ಯಾಂಕಿನ ಒಟಿಪಿ ಯಾವ ನಂಬರಿಗೆ ಬರುತ್ತದೆಯೋ ಆ ಸಿಮ್‌ಗೇ ಡೇಟಾ ಇಟ್ಟುಕೊಳ್ಳುವುದು ಕ್ಷೇಮ. ಡೇಟಾ ಬೇರೆ ಸಿಮ್‌ಗೆ ಹೋದರೆ ಒಟಿಪಿ ಬರುವುದಿಲ್ಲ, ಹಣ ಕಳುಹಿಸುವ ಆ್ಯಪ್‌ಗಳೂ ನಿಂತುಹೋಗುತ್ತವೆ. ನೀವು ಯಾವ ನಂಬರನ್ನು ಬ್ಯಾಂಕಿಗೆ ಕೊಟ್ಟಿದ್ದೀರಿ?

ಟವರ್ ಕೆಳಗಿನವ (ಅಂಕೋಲಾ)

ಬಂದರು ರಸ್ತೆಯವರೇ, ಡೇಟಾಕ್ಕೆ ಯಾವ ಸಿಮ್ ಇಟ್ಟರೂ ಎರಡೂ ನಂಬರುಗಳಿಗೆ ಸಂದೇಶ ಬರುತ್ತಲೇ ಇರುತ್ತದೆ. ಹಣದ ಆ್ಯಪ್‌ಗೆ ಬೇಕಾದದ್ದು ನೋಂದಾಯಿತ ಸಿಮ್ ಫೋನಿನಲ್ಲಿ ಚಾಲ್ತಿಯಲ್ಲಿರುವುದು. ಇಂಟರ್‌ನೆಟ್ ಯಾವ ಸಿಮ್‌ನದಾದರೂ ಅದಕ್ಕೆ ಅಡ್ಡಿಯಿಲ್ಲ. ಇಲ್ಲಿಯ ಪ್ರಶ್ನೆಗೆ ಆ ವಿಷಯ ಸಂಬಂಧಿಸಿದ್ದಲ್ಲ.

ಅಪ್ಪೆಮಿಡಿಯವರೇ, ಮೊದಲು Auto data switching ವಿಷಯವನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಯೋಜನೆ ಅದರ ಮೇಲೆಯೇ ನಿಂತಿದೆ. ಆ ಆಯ್ಕೆ ನೋಡುವುದು ನೆಟ್‌ವರ್ಕ್ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ. ನಿಮ್ಮ 2 ಜಿಬಿ ಮುಗಿದಿದೆ ಎಂಬುದು ಕಂಪನಿಯ ಲೆಕ್ಕದಲ್ಲಿರುತ್ತದೆಯೇ ಹೊರತು ಫೋನಿಗೆ ಗೊತ್ತಾಗುವುದಿಲ್ಲ. ದಿನದ ಪಾಲು ಮುಗಿದ ಮೇಲೆ ಸಂಪರ್ಕ ಕಡಿಯುವುದಿಲ್ಲ, ವೇಗ ಮಾತ್ರ ಇಳಿಯುತ್ತದೆ. ಹೆಚ್ಚಿನ ಪ್ಲ್ಯಾನ್‌ಗಳಲ್ಲಿ 64 ಕೆಬಿಪಿಎಸ್‌ಗೆ, ಕೆಲವದರಲ್ಲಿ 40ಕ್ಕೆ. ಕಡ್ಡಿಗಳು ನಾಲ್ಕೂ ಹಾಗೆಯೇ ನಿಂತಿರುತ್ತವೆ. ಫೋನಿನ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇರುವುದರಿಂದ ಅದು ಹಾರುವುದಿಲ್ಲ, ಆ ಇಳಿದ ವೇಗದಲ್ಲಿಯೇ ತೆವಳುತ್ತಿರುತ್ತದೆ. 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್. ನಿಮ್ಮ ಫೈಲಿನ ಮೊದಲ 2 ಜಿಬಿ ಇಳಿದು ಉಳಿದ 36 ಜಿಬಿ ಆ ವೇಗದಲ್ಲಿ ಬರಬೇಕೆಂದರೆ ಸುಮಾರು 52 ದಿನ ಬೇಕು. ದಿನವೂ ನಡುರಾತ್ರಿ ಹೊಸ 2 ಜಿಬಿ ಸಿಗುತ್ತದೆ ಎಂದು ಹಿಡಿದರೂ ಇಳಿದ ವೇಗದಲ್ಲಿ ಬರುವುದೂ ಸೇರಿ ಏಳು ದಿನಕ್ಕೆ 19 ಜಿಬಿ ದಾಟುವುದು ಕಷ್ಟ.

ಅದೇ ಆಯ್ಕೆ ಬೇಡವಾದಾಗ ಮಾತ್ರ ಚುರುಕಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದಾಗ ಒಂದನೆಯ ಸಿಮ್ ಕೆಲವು ನಿಮಿಷ ಮಾಯವಾದರೆ ಡೌನ್‌ಲೋಡ್ ಎರಡನೆಯದಕ್ಕೆ ದಾಟುತ್ತದೆ, ಮತ್ತೆ ವಾಪಸು ಬರುತ್ತದೆ. ಹೀಗೆ ದಾಟಿದಾಗಲೆಲ್ಲ ಫೋನಿನ ಐಪಿ ವಿಳಾಸ ಬದಲಾಗುತ್ತದೆ, ಅಲ್ಲಿಯವರೆಗಿನ ಸಂಪರ್ಕ ಕಡಿಯುತ್ತದೆ. ಹಾಗಾಗಿ ಡೌನ್‌ಲೋಡ್ ಮುಗಿಯುವವರೆಗೂ ಅದನ್ನು ಆಫ್ ಮಾಡಿಡಿ. ನಿಮ್ಮ ಫೋನಿನಲ್ಲಿ Settings, ನಂತರ Connections, ನಂತರ SIM manager ತೆರೆದರೆ Mobile data ಎಂಬಲ್ಲಿ ಸಿಮ್ ಆರಿಸಬಹುದು. ಅದೇ ಪುಟದಲ್ಲಿ ಕೆಳಗೆ Auto data switching ಇರುತ್ತದೆ.

ಎರಡನೆಯ ಸಿಮ್‌ನ ತಿಂಗಳ 75 ಜಿಬಿಯಲ್ಲಿ ಈಗ ಎಷ್ಟು ಉಳಿದಿದೆ, ಬಿಲ್ಲಿನ ದಿನಾಂಕ ಯಾವುದು, ಮಿತಿ ದಾಟಿದರೆ ವೇಗ ಇಳಿಯುತ್ತದೆಯೋ ಅಥವಾ ಬಿಲ್ಲು ಏರುತ್ತದೆಯೋ ಎಂಬುದನ್ನು ಆ ಕಂಪನಿಯ ಆ್ಯಪ್‌ನಲ್ಲಿ ನೋಡಿ ತಿಳಿಸಿ. ನನಗೆ ಅನ್ನಿಸುವಂತೆ ನಿಮಗೆ ಬೇಕಾದದ್ದು ಎರಡು ಕಡ್ಡಿಯ ಆ ಸಿಮ್ಮೇ.

ಮಿರ್ಜಾನ್ ಮಾಸ್ತರ್ (ಕುಮಟಾ)

ಟವರ್ ಕೆಳಗಿನವರೇ, ಪಾಲು ಮುಗಿದುದು ಫೋನಿಗೆ ತಿಳಿಯುವುದಿಲ್ಲ ಎಂಬುದನ್ನು ಒಪ್ಪಿದೆ, ನಾನು ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಆದರೆ ಕೈಯಿಂದಲೇ ಬದಲಿಸಿದರೆ ಡೌನ್‌ಲೋಡ್ ನಿಂತಲ್ಲಿಂದ ಮುಂದುವರಿಯುತ್ತದೆಯಲ್ಲ? ಅದು ನನ್ನ ಅನುಭವವೇ. ಗೂಡಿನ ವಿಷಯಕ್ಕೂ ನೀವು ಉತ್ತರಿಸಲಿಲ್ಲ.

ದೇವಿಮನೆ ತಿರುವು (ಶಿರಸಿ)

ಮಾಸ್ತರೇ, ಮುಂದುವರಿಯುತ್ತದೆಯೋ ಇಲ್ಲವೋ ಎಂಬುದು ನಿಮ್ಮ ಫೋನಿಗಿಂತ ಆ ಕಡೆಯ ಸರ್ವರಿನ ಮೇಲೆ ಹೆಚ್ಚು ನಿಂತಿದೆ. ಫೈಲಿನ ನಡುವಿನಿಂದ ಕೊಡುವುದಕ್ಕೆ ಸರ್ವರ್ ಸಿದ್ಧವಿದ್ದರೆ ಮಾತ್ರ ಉಳಿದದ್ದನ್ನು ಕೇಳಬಹುದು. ನಿಮ್ಮ ಪಿಡಿಎಫ್‌ಗಳನ್ನು ಕೊಟ್ಟ ಸರ್ವರ್ ಅದಕ್ಕೆ ಒಪ್ಪಿರಬೇಕು, ಅದರಿಂದ ಎಲ್ಲ ಸರ್ವರುಗಳೂ ಒಪ್ಪುತ್ತವೆ ಎಂದು ಹೇಳಲಾಗದು. ಫೈಲ್ ಹಂಚುವ ಕೆಲವು ತಾಣಗಳು ಪ್ರತಿ ಡೌನ್‌ಲೋಡಿಗೂ ಸ್ವಲ್ಪ ಹೊತ್ತು ಮಾತ್ರ ಬಾಳುವ ವಿಳಾಸವನ್ನು ಕೊಡುತ್ತವೆ; ಕೆಲವದರಲ್ಲಿ ಆ ವಿಳಾಸ ಕೇಳಿದವರ ಐಪಿಗೂ ಕಟ್ಟುಬಿದ್ದಿರುತ್ತದೆ. ಅಂಥಲ್ಲಿ ಸಿಮ್ ಬದಲಿಸಿದ ಕೂಡಲೇ ಹಳೆಯ ವಿಳಾಸ ನಿರುಪಯುಕ್ತವಾಗುತ್ತದೆ, ಬ್ರೌಸರ್ ಹೊಸದಾಗಿ ಮೊದಲಿನಿಂದ ಇಳಿಸಲು ತೊಡಗುತ್ತದೆ. 30 ಜಿಬಿ ಬಂದ ಮೇಲೆ ಹೀಗಾದರೆ ತಿಂಗಳ ಪಾಲು ಅಲ್ಲಿಗೇ ಮುಗಿದಂತೆ.

ಅಪ್ಪೆಮಿಡಿ ಅಕ್ಕಾ, ಶುರು ಮಾಡುವ ಮುಂಚೆ ಇದನ್ನು ಪರೀಕ್ಷಿಸಬಹುದು. ಫೋನಿನಲ್ಲಿ ಟರ್ಮಕ್ಸ್ ಎಂಬ, ಆದೇಶ ಬರೆದು ಕೆಲಸ ಮಾಡಿಸುವ ಆ್ಯಪ್ ಹಾಕಿಕೊಂಡು ಈ ಸಾಲನ್ನು ಕೊಡಿ. ಉದ್ಧರಣ ಚಿಹ್ನೆಗಳ ನಡುವೆ ಡೌನ್‌ಲೋಡ್ ಗುಂಡಿಯ ನಿಜವಾದ ವಿಳಾಸ ಇರಬೇಕು. ಪುಟದ ವಿಳಾಸ ಕೊಟ್ಟರೆ ವಿಡಿಯೋದ ಬದಲು ಆ ಪುಟವೇ ಇಳಿಯುತ್ತದೆ.

```
curl -fL -C - -o video.zip "https://..."
```

ಸ್ವಲ್ಪ ಇಳಿದ ಮೇಲೆ Ctrl ಮತ್ತು C ಒತ್ತಿ ನಿಲ್ಲಿಸಿ, ಅದೇ ಸಾಲನ್ನು ಮತ್ತೆ ಕೊಡಿ. ನಿಂತಲ್ಲಿಂದ ಮುಂದುವರಿದರೆ ಸರ್ವರ್ ಒಪ್ಪಿದೆ ಎಂದರ್ಥ. `curl: (33)` ಎಂದು ಶುರುವಾಗುವ ದೂರು ಬಂದರೆ ನಡುವಿನಿಂದ ಕೊಡಲು ಆ ಸರ್ವರಿಗೆ ಬರುವುದಿಲ್ಲ. ಆಗ ಒಂದೇ ಉಸಿರಿನಲ್ಲಿ ಮುಗಿಯಬೇಕಾಗುತ್ತದೆ, ಇಲ್ಲವೇ ಛಾಯಾಗ್ರಾಹಕರಿಗೆ ಹೇಳಿ ಫೈಲನ್ನು ತುಂಡು ಮಾಡಿಸಬೇಕಾಗುತ್ತದೆ. `curl: (22)` ಜೊತೆಗೆ 403 ಎಂದು ಬಂದರೆ ವಿಳಾಸದ ಅವಧಿ ತೀರಿದೆ ಅಥವಾ ಐಪಿ ಬದಲಾದದ್ದು ಅದಕ್ಕೆ ಒಗ್ಗಿಲ್ಲ. ಆಗ ಪುಟಕ್ಕೆ ಹೋಗಿ ಹೊಸ ವಿಳಾಸ ತಂದು, ಫೈಲಿನ ಹೆಸರನ್ನು ಮಾತ್ರ ಬದಲಿಸದೆ, ಅದೇ ಸಾಲಿನಲ್ಲಿ ಹಾಕಿದರೆ ಹಳೆಯ ತುಂಡಿನ ಮುಂದಕ್ಕೇ ಸೇರಿಕೊಳ್ಳುತ್ತದೆ. ಬ್ರೌಸರಿನಲ್ಲಿ ಹೀಗೆ ಮಾಡುವುದು ಸುಲಭವಲ್ಲವಾದ್ದರಿಂದಲೇ ಇದನ್ನು ಹೇಳಿದೆ.

ಹಾಗೆಯೇ ಒಂದನೆಯ ಸಿಮ್ಮಿನ ಮಿತಿಯಿಲ್ಲದ 5ಜಿಯನ್ನು ಅಷ್ಟು ಬೇಗ ಬಿಟ್ಟುಕೊಡಬೇಡಿ. `*#*#4636#*#*` ಒತ್ತಿದರೆ ಕೆಲವು ಫೋನುಗಳಲ್ಲಿ ತೆರೆಯುವ ಪುಟದಲ್ಲಿ NR only, ಅಂದರೆ 5ಜಿ ಮಾತ್ರ, ಎಂಬ ಆಯ್ಕೆ ಇರುತ್ತದೆ. ಅದನ್ನು ಹಾಕಿ ಉಪ್ಪರಿಗೆಯ ಕಿಟಕಿಯಲ್ಲಿ ಫೋನಿಟ್ಟರೆ ಒಂದೇ ರಾತ್ರಿಗೆ ಕೆಲಸ ಮುಗಿಯಬಹುದು.

ಟವರ್ ಕೆಳಗಿನವ (ಅಂಕೋಲಾ)

ದೇವಿಮನೆಯವರು ಹೇಳಿದ ಪರೀಕ್ಷೆ ಒಳ್ಳೆಯದು, ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ಎಲ್ಲ ಕಂಪನಿಗಳ 5ಜಿ ಒಂದೇ ಬಗೆಯದಲ್ಲ. ಕೆಲವು ಕಡೆ 5ಜಿ ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ, ಕೆಲವು ಕಡೆ 4ಜಿಯ ಹೆಗಲ ಮೇಲೆ ಕೂತಿರುತ್ತದೆ. ಎರಡನೆಯ ಬಗೆಯಲ್ಲಿ NR only ಹಾಕಿದರೆ ನೆಟ್‌ವರ್ಕೇ ಸಿಗುವುದಿಲ್ಲ. ಮೊದಲನೆಯ ಬಗೆಯಲ್ಲಿಯೂ, 5ಜಿ ಮೇಲೆಯೇ ಕರೆ ಸಾಗಿಸುವ ವ್ಯವಸ್ಥೆ ಆ ಫೋನು ಮತ್ತು ಆ ಟವರು ಎರಡರಲ್ಲೂ ಇಲ್ಲದಿದ್ದರೆ, ಒಳಬರುವ ಕರೆಗಳು ತಲುಪದೇ ಹೋಗಬಹುದು. ಹಳ್ಳಿಯಲ್ಲಿ, ಮಳೆಗಾಲದ ರಾತ್ರಿಯಲ್ಲಿ, ಫೋನಿಗೆ ಕರೆ ಬಾರದ ಹಾಗೆ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

5ಜಿ ಎಂಬ ಅಕ್ಷರವನ್ನು ಪೂರ್ತಿ ನಂಬುವಂತೆಯೂ ಇಲ್ಲ. 4ಜಿಯ ಹೆಗಲ ಮೇಲಿರುವ ಬಗೆಯಲ್ಲಿ, ಹತ್ತಿರದಲ್ಲಿ 5ಜಿ ಇರಬಹುದು ಎಂಬ ಸೂಚನೆ ಟವರಿನಿಂದ ಬಂದರೂ ಅನೇಕ ಫೋನುಗಳು ಆ ಅಕ್ಷರವನ್ನು ತೋರಿಸುತ್ತವೆ, ಡೇಟಾ ಮಾತ್ರ 4ಜಿಯಲ್ಲಿಯೇ ಹರಿಯುತ್ತಿರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಕಂಪನಿಯ ಲೆಕ್ಕದಿಂದಲೇ ಮಾಡಬೇಕು. ಬೆಳಿಗ್ಗೆ ಆ್ಯಪ್ ತೆರೆದು ದಿನದ 2 ಜಿಬಿಯಲ್ಲಿ ಎಷ್ಟು ಉಳಿದಿದೆ ಎಂದು ಬರೆದುಕೊಳ್ಳಿ, ಕಿಟಕಿಯ ಬಳಿ 5ಜಿ ತೋರಿಸುತ್ತಿರುವಾಗ 300 ಎಂಬಿಯಷ್ಟು ಏನನ್ನಾದರೂ ಇಳಿಸಿ, ಒಂದರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಉಳಿಕೆ ಹಾಗೆಯೇ ಇದ್ದರೆ ನಿಜವಾಗಿಯೂ 5ಜಿಯಲ್ಲಿಯೇ ಹೋಗಿದೆ. ಅಷ್ಟೂ ಕಡಿತವಾಗಿದ್ದರೆ ಆ ಅಕ್ಷರ ಬರಿಯ ಅಲಂಕಾರ. ಅರ್ಧ ಕಡಿತವಾಗಿದ್ದರೆ ಅದು ಎಲ್ಲಕ್ಕಿಂತ ಅಪಾಯದ ಸ್ಥಿತಿ, ಏಕೆಂದರೆ 5ಜಿಗೂ 4ಜಿಗೂ ನಡುವೆ ಫೋನ್ ಓಲಾಡುತ್ತಿದೆ ಎಂದರ್ಥ. ನೀವು ಮಲಗಿದ ಮೇಲೆ 4ಜಿಗೆ ಬಿದ್ದರೆ 2 ಜಿಬಿ ಸರಸರನೆ ಖಾಲಿಯಾಗುತ್ತದೆ, ಉಳಿದ ರಾತ್ರಿಯಿಡೀ ಡೌನ್‌ಲೋಡ್ 64 ಕೆಬಿಪಿಎಸ್‌ಗೆ ಸಿಕ್ಕಿಬೀಳುತ್ತದೆ.

ಮಾಸ್ತರೇ, ಗೂಡಿನ ವಿಷಯದಲ್ಲಿ ನೀವು ಹೇಳಿದ್ದು ಒಂದು ಕಾಲಕ್ಕೆ ಪೂರ್ತಿ ನಿಜವಾಗಿತ್ತು. ಹಳೆಯ ಫೋನುಗಳಲ್ಲಿ ಎರಡನೆಯ ಗೂಡು 2ಜಿ ಅಥವಾ 3ಜಿಗಷ್ಟೇ ಸೀಮಿತವಾಗಿರುತ್ತಿತ್ತು. ಈಗಿನ ಬಹುತೇಕ ಫೋನುಗಳಲ್ಲಿ ಎರಡೂ ಗೂಡುಗಳಿಗೆ 4ಜಿ ಸಿಗುತ್ತದೆ, ಗೂಡಿಗಿಂತ ಸೆಟ್ಟಿಂಗ್ ಮುಖ್ಯ. ಆದರೆ ಕೆಲವು ಮಾದರಿಗಳಲ್ಲಿ ಡೇಟಾಕ್ಕೆ ಆರಿಸಿದ ಸಿಮ್ಮಿಗೆ ಮಾತ್ರ 5ಜಿ ಕೊಟ್ಟು, ಇನ್ನೊಂದನ್ನು 4ಜಿಯಲ್ಲಿಯೇ ಇಡುತ್ತಾರೆ. ಆದ್ದರಿಂದ ಎರಡನೆಯ ಸಿಮ್ಮಿನ ವೇಗ ಅಳೆಯಬೇಕಾದರೆ ಅದನ್ನು ಡೇಟಾ ಸಿಮ್ ಮಾಡಿಯೇ ಅಳೆಯಬೇಕು.

ಮಾಜಾಳಿ ಗಡಿ (ಕಾರವಾರ)

ನನ್ನದೂ ಒಂದು ಸಮಸ್ಯೆ ಇದೆ. ನಮ್ಮ ಮನೆ ಗೋವಾ ಗಡಿಗೆ ತೀರ ಹತ್ತಿರದಲ್ಲಿರುವುದರಿಂದ ಒಂದು ಸಿಮ್ ಆಗಾಗ ಗಡಿಯಾಚೆಯ ಟವರನ್ನು ಹಿಡಿಯುತ್ತದೆ, ಆಗ ಸಿಗ್ನಲ್ ಪಕ್ಕದಲ್ಲಿ R ಎಂಬ ಅಕ್ಷರ ಕಾಣಿಸಿಕೊಂಡು ಇಂಟರ್‌ನೆಟ್ ಸತ್ತುಹೋಗುತ್ತದೆ. ಮಗನ ಆಟದ ಫೈಲ್ ಇಳಿಯುತ್ತಿದ್ದಾಗ ಹೀಗೆಯೇ ನಡುವೆ ನಿಂತಿತು. Auto data switching ಇದ್ದಿದ್ದರೆ ಇನ್ನೊಂದು ಸಿಮ್ ಕೈಹಿಡಿಯುತ್ತಿತ್ತಲ್ಲವೇ? ಹಾಗಿರುವಾಗ ಅದನ್ನು ಆಫ್ ಮಾಡಬೇಕು ಎಂದು ಎಲ್ಲರಿಗೂ ಹೇಳುವುದು ಸರಿಯೇ?

ಟವರ್ ಕೆಳಗಿನವ (ಅಂಕೋಲಾ)

ಮಾಜಾಳಿಯವರೇ, R ಕಾಣಿಸಿದಾಗ ಇಂಟರ್‌ನೆಟ್ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಆ ಸಿಮ್ಮಿನ Data roaming ಆಫ್ ಇರುವುದು. ಅದನ್ನು ಆನ್ ಮಾಡಿದರೆ ಗಡಿಯಾಚೆಯ ಟವರಿನಿಂದಲೂ ಸಾಗಬೇಕು, ಆದರೆ ನಿಮ್ಮ ಪ್ಲ್ಯಾನಿನಲ್ಲಿ ದೇಶದೊಳಗಿನ ರೋಮಿಂಗ್ ಡೇಟಾ ಸೇರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಎರಡೂ ಸಿಮ್ಮಿನಲ್ಲಿ ಧಾರಾಳವಾಗಿ ಡೇಟಾ ಇದ್ದು, ಸರ್ವರ್ ನಡುವಿನಿಂದ ಕೊಡುವಂಥದ್ದಾಗಿದ್ದರೆ ಸ್ವಯಂ ಬದಲಾವಣೆ ನಿಮಗೆ ಉಪಯೋಗಕ್ಕೆ ಬರಬಹುದು. ಅಪ್ಪೆಮಿಡಿಯವರ ಸ್ಥಿತಿಯಲ್ಲಿ ಬದಲಿಯಾಗಿ ಬರುವ ಸಿಮ್‌ಗೆ ದಿನಕ್ಕೆ 2 ಜಿಬಿ ಮಾತ್ರ ಇರುವುದರಿಂದ ಅದು ಉಪಯೋಗವಿಲ್ಲ.

ಅಪ್ಪೆಮಿಡಿ (ಶಿರಸಿ)

ಎಲ್ಲರಿಗೂ ಧನ್ಯವಾದಗಳು. ಕೇಳಿದ ವಿವರಗಳನ್ನು ನೋಡಿದೆ. ಎರಡನೆಯ ಸಿಮ್ಮಿನ 75 ಜಿಬಿಯಲ್ಲಿ 19 ಜಿಬಿ ಬಳಕೆಯಾಗಿದೆ, 56 ಉಳಿದಿದೆ. ಬಿಲ್ಲಿನ ತಿಂಗಳು ಮುಗಿಯುವುದಕ್ಕೆ ಇನ್ನೂ ಹತ್ತು ದಿನಗಳಿವೆ. ಮಿತಿ ದಾಟಿದರೆ ವೇಗ ಇಳಿಯುವುದಿಲ್ಲವಂತೆ, ಪ್ರತಿ ಎಂಬಿಗೆ 2 ಪೈಸೆಯಂತೆ ಬಿಲ್ಲಿಗೆ ಸೇರುತ್ತದೆಯಂತೆ.

ಕಿಟಕಿಯ ಬಳಿಯ ಪರೀಕ್ಷೆಯನ್ನೂ ಮಾಡಿದೆ. 5ಜಿ ಎಂದು ತೋರಿಸುತ್ತಿರುವಾಗಲೇ 300 ಎಂಬಿ ಇಳಿಸಿದೆ, ದಿನದ ಪಾಲಿನಲ್ಲಿ ಸುಮಾರು 170 ಎಂಬಿ ಕಡಿತವಾಗಿತ್ತು. ಅಂದರೆ ನೀವು ಹೇಳಿದ ಓಲಾಡುವ ಸ್ಥಿತಿಯೇ ಇರಬೇಕು. ಆ ನಂತರ ಡೇಟಾವನ್ನು ಎರಡನೆಯ ಸಿಮ್‌ಗೆ ಬದಲಿಸಿ, ರಾತ್ರಿ ಹನ್ನೊಂದರ ಮೇಲೆ ಅದೇ ಜಿಪ್ ಫೈಲಿನ ಮೊದಲ 200 ಎಂಬಿ ಇಳಿಸಿ ನೋಡಿದೆ. ಮೂರು ನಿಮಿಷ ಇಪ್ಪತ್ತು ಸೆಕೆಂಡು ಹಿಡಿಯಿತು. ನಿಲ್ಲಿಸಿ ಮತ್ತೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯಿತು. ಸಂಜೆ ಏಳು ಗಂಟೆಗೆ ಅದೇ ಪ್ರಯೋಗಕ್ಕೆ ಇದರ ಮೂರು ಪಟ್ಟು ಹೊತ್ತು ಬೇಕಾಗಿತ್ತು. ವೇಗ ಅಳೆಯುವ ಆ್ಯಪ್ ಮಾತ್ರ ಸಂಜೆಯೂ ಬಹಳ ಚೆನ್ನಾಗಿದೆ ಎಂದೇ ತೋರಿಸುತ್ತಿತ್ತು, ಅದು ಹೇಗೆಂದು ತಿಳಿಯಲಿಲ್ಲ.

ಟವರ್ ಕೆಳಗಿನವ (ಅಂಕೋಲಾ)

ನಿಮಗೆ ಬೇಕಾದ ಅಂಕಿಗಳೆಲ್ಲ ಸಿಕ್ಕಿವೆ. 200 ಎಂಬಿಗೆ 200 ಸೆಕೆಂಡು ಎಂದರೆ ಸೆಕೆಂಡಿಗೆ 1 ಎಂಬಿ, ಅಂದರೆ 8 ಎಂಬಿಪಿಎಸ್. ಆ ಲೆಕ್ಕದಲ್ಲಿ 38 ಜಿಬಿಗೆ ಹತ್ತೂವರೆ ಗಂಟೆ ಬೇಕು. ರಾತ್ರಿ ಹನ್ನೊಂದರಿಂದ ಬೆಳಗಿನ ಐದೂವರೆಯವರೆಗೆ ಬಿಟ್ಟರೆ ಎರಡು ರಾತ್ರಿಗಳಲ್ಲಿ ಮುಗಿಯುತ್ತದೆ. ಲಿಂಕ್ ಏಳು ದಿನ ಇರುವುದರಿಂದ ನೆಟ್‌ವರ್ಕ್ ಕೈಕೊಟ್ಟ ರಾತ್ರಿಗೂ ಜಾಗ ಉಳಿಯುತ್ತದೆ. ವೇಗ ಅಳೆಯುವ ಆ್ಯಪ್ ಹತ್ತಿರದ, ಚುರುಕಾದ ಒಂದು ಸರ್ವರಿಗೆ ಒಟ್ಟಿಗೇ ಹಲವು ಸಂಪರ್ಕ ಹಾಕಿ ಕೆಲವು ಸೆಕೆಂಡು ಮಾತ್ರ ಓಡುತ್ತದೆ. ನಿಮ್ಮ ಫೈಲು ಇರುವ ಸರ್ವರ್ ಒಂದೇ ಸಂಪರ್ಕಕ್ಕೆ ತಾಸುಗಟ್ಟಲೆ ಎಷ್ಟು ಕೊಡುತ್ತದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಹಾಗಾಗಿ ಅದೇ ಫೈಲಿನ ತುಂಡನ್ನು, ಬಿಡುವ ಹೊತ್ತಿನಲ್ಲಿಯೇ, ಇಳಿಸಿ ನೋಡಿದ್ದು ಸರಿಯಾದ ಅಳತೆ. ಎರಡು ಕಡ್ಡಿಯ ಸಿಮ್ಮಿನಲ್ಲಿ ರಾತ್ರಿ ಜನ ಕಡಿಮೆಯಾದಾಗ ವೇಗ ಏರುತ್ತದೆ, ನಾಲ್ಕು ಕಡ್ಡಿಯ ಟವರಿನಲ್ಲಿ ಸಂಜೆ ಊರೆಲ್ಲ ವಿಡಿಯೋ ನೋಡುತ್ತಿದ್ದರೆ ಇಳಿಯುತ್ತದೆ; ಕಡ್ಡಿಗಳು ಇದನ್ನು ಹೇಳುವುದಿಲ್ಲ.

ಇನ್ನು ಬಿಲ್ಲಿನ ಅಪಾಯ. ಪ್ರತಿ ಎಂಬಿಗೆ 2 ಪೈಸೆ ಎಂದರೆ ಜಿಬಿಗೆ ಸುಮಾರು 20 ರೂಪಾಯಿ. ಯಾವುದೋ ಕಾರಣಕ್ಕೆ ಡೌನ್‌ಲೋಡ್ ಮೊದಲಿನಿಂದ ಶುರುವಾಗಿ ನೀವು ನಿದ್ದೆಯಲ್ಲಿದ್ದರೆ 56 ಜಿಬಿ ದಾಟುವುದು ಅಸಾಧ್ಯವೇನಲ್ಲ. ಇದಕ್ಕೆ ಫೋನಿನಲ್ಲಿಯೇ ತಡೆ ಇದೆ. Connections ಒಳಗೆ Data usage ತೆರೆದು, ಬಿಲ್ಲಿನ ತಿಂಗಳು ಶುರುವಾಗುವ ದಿನಾಂಕವನ್ನು ಕಂಪನಿಯ ದಿನಾಂಕಕ್ಕೆ ಸರಿಯಾಗಿ ಹೊಂದಿಸಿ, Set data limit ಆನ್ ಮಾಡಿ 60 ಜಿಬಿ ಎಂದು ಕೊಡಿ. ಈಗಾಗಲೇ ಆಗಿರುವ 19ಕ್ಕೆ 38 ಸೇರಿದರೆ 57. ಎಲ್ಲವೂ ಸರಿಯಾಗಿ ಹೋದರೆ ತಡೆಗೆ ಮುಟ್ಟುವುದಿಲ್ಲ, ಮೊದಲಿನಿಂದ ಶುರುವಾದರೆ 60ಕ್ಕೆ ಬಂದಾಗ ಮೊಬೈಲ್ ಡೇಟಾ ತಾನೇ ನಿಲ್ಲುತ್ತದೆ. ಫೋನಿನ ಎಣಿಕೆಗೂ ಕಂಪನಿಯ ಎಣಿಕೆಗೂ ಸ್ವಲ್ಪ ವ್ಯತ್ಯಾಸ ಇರುತ್ತದೆಯಾದ್ದರಿಂದ 75ರ ಅಂಚಿಗೆ ಇಡುವುದು ಬೇಡ. ಈ ಲೆಕ್ಕ ಸಿಮ್ಮಿಗೊಂದರಂತೆ ಬೇರೆ ಬೇರೆ ಇರುತ್ತದೆ. ಎರಡನೆಯ ಸಿಮ್ಮನ್ನು ಡೇಟಾಕ್ಕೆ ಆರಿಸಿದ ಮೇಲೆಯೇ ಈ ಪುಟ ತೆರೆದು, ಅಲ್ಲಿ 19ರ ಆಸುಪಾಸಿನ ಅಂಕಿ ಕಾಣುತ್ತಿದೆಯೇ ಎಂದು ನೋಡಿ ಮಿತಿ ಹಾಕಿ.

ದೇವಿಮನೆ ತಿರುವು (ಶಿರಸಿ)

ಟವರ್‌ನವರ ಲೆಕ್ಕವನ್ನು ಒಪ್ಪುತ್ತೇನೆ, 5ಜಿ ಆಸೆಯನ್ನೂ ಕೈಬಿಟ್ಟೆ. ಅಕ್ಕಾ, ಜಾಗವನ್ನೂ ನೋಡಿಕೊಳ್ಳಿ. ಮೆಮೊರಿ ಕಾರ್ಡಿಗೆ ಇಳಿಸುವ ಯೋಚನೆ ಇದ್ದು ಆ ಕಾರ್ಡ್ FAT32 ಆಗಿದ್ದರೆ 4 ಜಿಬಿ ಮುಟ್ಟಿದ ಕೂಡಲೇ ನಿಲ್ಲುತ್ತದೆ, ಅದು ನೆಟ್‌ವರ್ಕಿನ ದೋಷದಂತೆಯೇ ಕಾಣುತ್ತದೆ. ಟರ್ಮಕ್ಸ್‌ನಲ್ಲಿ ಮೊದಲು `termux-wake-lock` ಕೊಟ್ಟು ಆಮೇಲೆ curl ಸಾಲು ಕೊಡಿ, ಇಲ್ಲದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಫೋನ್ ಅದನ್ನು ಮಲಗಿಸಬಹುದು.

ಮಿರ್ಜಾನ್ ಮಾಸ್ತರ್ (ಕುಮಟಾ)

ತಮ್ಮಾ, ಇದೆಲ್ಲ ಸರಿ. ಆದರೆ ಡೇಟಾ ಎರಡನೆಯ ಸಿಮ್ಮಿನಲ್ಲಿರುವಾಗ ಒಂದನೆಯ ಸಿಮ್ಮಿಗೆ ಕರೆ ಬಂದರೆ ಏನಾಗುತ್ತದೆ? ನನ್ನ ಫೋನಿನಲ್ಲಿ ಕರೆಯ ನಡುವೆ ಇಂಟರ್‌ನೆಟ್ ನಿಂತುಬಿಡುತ್ತದೆ, ಅದಕ್ಕಾಗಿಯೇ ನಾನು ಸ್ವಯಂ ಬದಲಾವಣೆಯನ್ನು ಆನ್ ಇಟ್ಟಿದ್ದೆ.

ಟವರ್ ಕೆಳಗಿನವ (ಅಂಕೋಲಾ)

ಮಾಸ್ತರೇ, ನೀವು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಹೆಚ್ಚಿನ ಫೋನುಗಳಲ್ಲಿ ಸಿಮ್ ಎರಡಿದ್ದರೂ ಒಂದು ಹೊತ್ತಿಗೆ ಒಂದೇ ಕಡೆಗೆ ಪೂರ್ತಿ ಕೆಲಸ ಮಾಡುವಷ್ಟು ರೇಡಿಯೋ ಇರುತ್ತದೆ. ಡೇಟಾ ಇಲ್ಲದ ಸಿಮ್ಮಿಗೆ ಕರೆ ಬಂದರೆ, ಆ ಕರೆ ಮುಗಿಯುವವರೆಗೆ ಇನ್ನೊಂದರ ಡೇಟಾ ನಿಲ್ಲುತ್ತದೆ. ನಿಂತ ಹೊತ್ತಿನಲ್ಲಿ ಕರೆ ನಡೆಯುತ್ತಿರುವ ಸಿಮ್ಮಿನಿಂದಲೇ ಇಂಟರ್‌ನೆಟ್ ಕೊಡಲಿ ಎಂದು ಸ್ವಯಂ ಬದಲಾವಣೆಯನ್ನು ಹಲವು ಫೋನುಗಳಲ್ಲಿ ಇಟ್ಟಿದ್ದಾರೆ. ಐಫೋನಿನ Allow Mobile Data Switching ಎಂಬುದೂ ಅದಕ್ಕಾಗಿಯೇ ಇದೆ. ಎರಡೂ ಸಿಮ್ಮುಗಳನ್ನು ಒಟ್ಟಿಗೇ ನಡೆಸಬಲ್ಲ ದುಬಾರಿ ಫೋನುಗಳೂ ಈಗ ಬಂದಿವೆ.

ಅಪ್ಪೆಮಿಡಿಯವರು ತಮ್ಮ ಫೋನ್ ಯಾವ ಬಗೆಯದು ಎಂದು ಎರಡು ನಿಮಿಷದಲ್ಲಿ ತಿಳಿಯಬಹುದು. ಏನಾದರೊಂದು ಇಳಿಯುತ್ತಿರುವಾಗ ಮನೆಯವರ ಫೋನಿನಿಂದ ಒಂದನೆಯ ನಂಬರಿಗೆ ಕರೆ ಮಾಡಿಸಿ, ಎತ್ತಿ, ಮೇಲೆ ಸಿಗ್ನಲ್ ಬಳಿ ಇರುವ ಪುಟ್ಟ ಬಾಣಗಳನ್ನೂ ಡೌನ್‌ಲೋಡಿನ ಅಂಕಿಯನ್ನೂ ನೋಡಲಿ. ಅಂಕಿ ನಿಂತು, ಕರೆ ಇಟ್ಟ ಮೇಲೆ ತಾನೇ ಓಡಿದರೆ ಚಿಂತೆಯಿಲ್ಲ, ರಾತ್ರಿ ಬರುವ ಒಂದೆರಡು ಕರೆಗೆ ಕೆಲವು ನಿಮಿಷ ನಷ್ಟವಾಗುತ್ತದೆ ಅಷ್ಟೆ. ಕರೆ ಇಟ್ಟ ಮೇಲೂ ಓಡದಿದ್ದರೆ curl ಅನ್ನು ಮತ್ತೆ ಕೈಯಿಂದ ಶುರು ಮಾಡಬೇಕು. ಅಂಥ ಫೋನಿಗೆ ರಾತ್ರಿಯ ಮಟ್ಟಿಗೆ ಒಂದನೆಯ ನಂಬರಿನ ಕರೆಗಳನ್ನು ಮನೆಯವರ ಫೋನಿಗೆ ಕಳುಹಿಸುವಂತೆ ಫಾರ್ವರ್ಡ್ ಹಾಕುವುದು ಒಳ್ಳೆಯದು.

ಬಂದರು ರಸ್ತೆ (ಕಾರವಾರ)

ಫಾರ್ವರ್ಡ್ ಹಾಕಿದರೆ ಒಟಿಪಿ ಹೋಗುವುದಿಲ್ಲವೇ?

ಟವರ್ ಕೆಳಗಿನವ (ಅಂಕೋಲಾ)

ಇಲ್ಲ, ಕರೆಗಳು ಮಾತ್ರ ಹೋಗುತ್ತವೆ, ಸಂದೇಶಗಳು ಇದೇ ಫೋನಿಗೆ ಬರುತ್ತವೆ. ಕೆಲಸ ಮುಗಿದ ಮೇಲೆ ಫಾರ್ವರ್ಡ್ ತೆಗೆಯುವುದನ್ನು ಮರೆಯದಿದ್ದರಾಯಿತು.

ಅಪ್ಪೆಮಿಡಿ (ಶಿರಸಿ)

ಫೈಲ್ ಪೂರ್ತಿ ಇಳಿಯಿತು, ಜಿಪ್ ತೆರೆದು ನೋಡಿದ್ದೇವೆ. ಮೊದಲ ರಾತ್ರಿ 21 ಜಿಬಿ ಬಂತು. ಎರಡನೆಯ ರಾತ್ರಿ ಕರೆಂಟು ಹೋಗಿ ಎರಡನೆಯ ಸಿಮ್ಮಿಗೆ ಬಹಳ ಹೊತ್ತು ನೆಟ್‌ವರ್ಕೇ ಇರಲಿಲ್ಲ. ಬೆಳಿಗ್ಗೆ ನೋಡಿದರೆ curl ನಿಂತಿತ್ತು, ಮತ್ತೆ ಕೊಟ್ಟಾಗ 403 ಎಂದು ಬಂತು. ದೇವಿಮನೆಯವರು ಹೇಳಿದಂತೆ ಪುಟದಿಂದ ಹೊಸ ವಿಳಾಸ ತಂದು ಅದೇ ಹೆಸರಿಗೆ ಹಾಕಿದೆ, ಉಳಿದದ್ದು ಮುಂದಿನ ರಾತ್ರಿ ಸೇರಿಕೊಂಡಿತು. ಈಗ Data usage ಪುಟದಲ್ಲಿ 57.9 ಎಂದಿದೆ, ಕಂಪನಿಯ ಆ್ಯಪ್‌ನಲ್ಲಿ 57.2. ಯಾವುದು ಸರಿ ಎಂದು ಅಣ್ಣ ಕೇಳುತ್ತಿದ್ದಾನೆ.

ಟವರ್ ಕೆಳಗಿನವ (ಅಂಕೋಲಾ)

ಬಿಲ್ಲಿಗೆ ಲೆಕ್ಕವಾಗುವುದು ಕಂಪನಿಯದು. ಆ್ಯಪ್‌ನಲ್ಲಿ ಅಂಕಿ ತಡವಾಗಿ ಸೇರುವುದೂ ಉಂಟು, ನಾಳೆ ಇನ್ನೊಮ್ಮೆ ನೋಡಿ. ಡೇಟಾವನ್ನು ಒಂದನೆಯ ಸಿಮ್‌ಗೆ ವಾಪಸು ಇಟ್ಟಿದ್ದೀರಲ್ಲ? 60 ಜಿಬಿ ಮಿತಿಯನ್ನು ಮಾತ್ರ ತಿಂಗಳು ಮುಗಿಯುವವರೆಗೆ ಹಾಗೆಯೇ ಬಿಡಿ.

ಮಾಜಾಳಿ ಗಡಿ (ಕಾರವಾರ)

ನನ್ನ ವಿಷಯ ಇನ್ನೂ ಬಗೆಹರಿದಿಲ್ಲ. Data roaming ಆನ್ ಮಾಡಿದ ಮೇಲೆ R ಇದ್ದಾಗಲೂ ಇಂಟರ್‌ನೆಟ್ ಬರುತ್ತಿದೆ, ಆದರೆ ಗಡಿಯಾಚೆಯ ಟವರಿನಿಂದ ಈಚೆಗೆ ಬರುವಾಗ ಡೌನ್‌ಲೋಡ್ ಕೆಲವೊಮ್ಮೆ ಸುಮ್ಮನೆ ನಿಂತುಬಿಡುತ್ತದೆ, ಕೆಲವೊಮ್ಮೆ ನಿಲ್ಲುವುದಿಲ್ಲ. ಇನ್ನೊಂದು ಸಿಮ್ ಯಾವಾಗಲೂ ಈಚೆಯ ಟವರಿನಲ್ಲಿಯೇ ಇರುತ್ತದೆ, ವೇಗ ಮಾತ್ರ ಅರ್ಧ.

ದೇವಿಮನೆ ತಿರುವು (ಶಿರಸಿ)

ದಾಟುವಾಗ ಐಪಿ ಬದಲಾಗುತ್ತಿದೆಯೇ ಎಂದು ನೋಡಬೇಕು. Settings ಒಳಗೆ About phone, ಅದರಲ್ಲಿ Status information ತೆರೆದರೆ IP address ಕಾಣುತ್ತದೆ. R ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಬರೆದು ಇಲ್ಲಿ ಹಾಕಿ. ಅಲ್ಲಿಯವರೆಗೆ ದೊಡ್ಡ ಫೈಲಾದರೆ ನಾನಾಗಿದ್ದರೆ ಅರ್ಧ ವೇಗದ ಸಿಮ್ಮನ್ನೇ ಆರಿಸುತ್ತಿದ್ದೆ.